ಕನ್ನಡದ ಸಂದರ್ಶನ, ಇಂಗ್ಲಿಷ್ ಟ್ರಾನ್ಸ್‌ಕ್ರಿಪ್ಟ್: ನೀವು ಹೇಗೆ ಮಾಡಿದ್ರಿ?

ಮೈಸೂರು ಹುಡುಗಿ: ಸಂಘದ ಸಾಲದ ಬಗ್ಗೆ ಧಾರವಾಡ, ಹಾವೇರಿ ಕಡೆಯ ಹೆಣ್ಣುಮಕ್ಕಳನ್ನು ಮಾತಾಡಿಸಿ 18 ರೆಕಾರ್ಡಿಂಗ್ ಮಾಡಿದ್ದೇನೆ, ಪಿಎಚ್‌ಡಿಗೆ. ಇಂಗ್ಲಿಷಿಗೆ ತಂದ ಮೇಲೆ ಎಲ್ಲರೂ ಒಂದೇ ಥರ ಮಾತಾಡಿದ ಹಾಗಿದೆ. ತಡವರಿಕೆ, ಆಡುಮಾತು ಎಲ್ಲಾ ಮಾಯ. ಮಾಡಿ ಗೊತ್ತಿರುವವರು ಹೇಳಿ, ಪ್ಲೀಸ್.

ಹೆಡ್‌ಫೋನ್: ಆಡಿಯೋ ಕೇಳುತ್ತಾ ನೇರವಾಗಿ ಇಂಗ್ಲಿಷಿನಲ್ಲೇ ಟೈಪ್ ಮಾಡಿದ್ರಿ ಅನ್ಸುತ್ತೆ. ನನ್ನ ಮೊದಲ ಪ್ರಾಜೆಕ್ಟಿನಲ್ಲಿ ನಾನೂ ಹಾಗೇ ಮಾಡಿ ಕೆಟ್ಟೆ. ಅದೂ ಸಾಲದ ವಿಷಯವೇ. ಒಬ್ಬಾಕೆ ಹೇಳಿದ್ದು ಇದು:

“ಹೂಂ... ತಗೊಂಡೀನ್ರಿ. ಅವ್ರು... (3) ಬ್ಯಾಡ ಅಂದಿದ್ರು. ಕಟ್ಟೀನಿ ಬಿಡ್ರಿ. ಸಂಘದಾಗ ಇನ್ನೂ ಬಾಕಿ ಐತಂತ.”

ಆ 3 ಅಂದರೆ ಮೂರು ಸೆಕೆಂಡು ಸುಮ್ಮನಿದ್ದರು ಅಂತ. ನಾನು ಬರೆದಿದ್ದು: ‘ಯೆಸ್, ಐ ಟುಕ್ ಇಟ್. ದೇ ಹ್ಯಾಡ್ ಟೋಲ್ಡ್ ಮಿ ನಾಟ್ ಟು. ಐ ವಿಲ್ ಪೇ. ಐ ಸ್ಟಿಲ್ ಓ ದ ಗ್ರೂಪ್.’ ಓದೋಕೆ ಚೆನ್ನಾಗೇ ಇದೆ. ಆದರೆ ನಾಲ್ಕರಲ್ಲಿ ಮೂರು ವಾಕ್ಯ ತಪ್ಪು.

‘ಅವ್ರು’ ಅಂದರೆ ಗಂಡ. ಹೆಸರು ಹೇಳಲ್ಲ, ಅದಕ್ಕೇ ಅಲ್ಲೊಂದು ತಡೆ. ನಾನು ‘ದೇ’ ಅಂತ ಬರೆದದ್ದರಿಂದ ಅದು ಸಂಘದವರು ಅಂತಾಯಿತು, ಕೋಡ್ ಮಾಡುವಾಗ, ಅಂದರೆ ಮಾತುಗಳನ್ನು ವಿಷಯವಾರು ವಿಂಗಡಿಸುವಾಗ, ‘ಸಂಘ ಎಚ್ಚರಿಸಿತ್ತು’ ಅನ್ನೋ ಗುಂಪಿಗೆ ಹೋಗಿ ಕೂತಿತು. ಗಂಡ ಬೇಡ ಅಂದರೂ ಹೆಂಡತಿ ಸಾಲ ತಂದಳು ಅನ್ನೋ ಮುಖ್ಯ ಮಾತೇ ಕಾಣೆ! ಇನ್ನು ‘ಕಟ್ಟೀನಿ’. ನನ್ನ ಕಿವಿಗೆ ಅದು ‘ಕಟ್ತೀನಿ’, ಮುಂದೆ ಕಟ್ಟುತ್ತೇನೆ ಅಂತ ಬಿತ್ತು. ಆ ಕಡೆಯವರ ಬಾಯಲ್ಲಿ ಅದು ಕಟ್ಟಿದ್ದೇನೆ, ಮುಗಿದಿದೆ. ಕೊನೆಯ ‘ಐತಂತ’ವನ್ನು ಆಮೇಲೆ ಯಾರಾದರೂ ಆ ಕಡೆಯವರೇ ಹೇಳಲಿ.

ಆಮೇಲಿಂದ ಮೊದಲು ಕನ್ನಡದಲ್ಲೇ, ಕೇಳಿದ್ದನ್ನು ಕೇಳಿದ ಹಾಗೇ ಬರೀತೀನಿ. ‘ತಗೊಂಡೀನ್ರಿ’ಯನ್ನು ‘ತೆಗೆದುಕೊಂಡಿದ್ದೇನೆ’ ಅಂತ ತಿದ್ದಲ್ಲ. ಎಲ್ಲಾ ಸಾಲಿಗೂ ನಂಬರ್ ಹಾಕಿ, ಪಕ್ಕದ ಕಾಲಮ್ಮಿನಲ್ಲಿ ಇಂಗ್ಲಿಷ್. ಒಂದು ಗಂಟೆ ಆಡಿಯೋಗೆ ಕನ್ನಡಕ್ಕೇ ಆರು ಗಂಟೆ ಹಿಡಿಯುತ್ತೆ ನನಗೆ, ಇಂಗ್ಲಿಷಿಗೆ ಇನ್ನೂ ನಾಲ್ಕು. 18 ಅಂದರೆ ಕಷ್ಟವೇ, ಗೊತ್ತು.

ಎರಡು ಸಲ ಅಳೆ: ಇಷ್ಟೆಲ್ಲಾ ಯಾಕೆ? ನಿಮ್ಮ ಇಂಗ್ಲಿಷನ್ನು ಆಡಿಯೋ ಕೇಳಿರದ ಇನ್ನೊಬ್ಬರಿಗೆ ಕೊಟ್ಟು ತಿರುಗಿ ಕನ್ನಡಕ್ಕೆ ಮಾಡಿಸಿ, ಎರಡೂ ಹೋಲಿಸಿ ನೋಡಿ. ತಪ್ಪು ತಾನಾಗೇ ಹೊರಗೆ ಬರುತ್ತೆ. ನಾವು ಪ್ರಶ್ನಾವಳಿಗೆ ಯಾವಾಗಲೂ ಹೀಗೇ ಮಾಡೋದು.

ಹೆಡ್‌ಫೋನ್: ಪ್ರಶ್ನಾವಳಿಗೆ ಸರಿ. ಇಲ್ಲಿ ಮೋಸ ಹೋಗ್ತೀರಿ. ನನ್ನ ‘ದೇ’ ತಿರುಗಿ ಕನ್ನಡಕ್ಕೆ ಬಂದರೆ ಏನಾಗುತ್ತೆ? ‘ಅವರು’! ಮೂಲದಲ್ಲೂ ‘ಅವ್ರು’. ಪಕ್ಕಾ ಹೊಂದಾಣಿಕೆ, ನೂರಕ್ಕೆ ನೂರು ಅಂಕ, ಗಂಡ ಮಾತ್ರ ಇಲ್ಲ. ಅದರ ಬದಲು ಕನ್ನಡ ಬಲ್ಲ ಇನ್ನೊಬ್ಬರು ಆಡಿಯೋ ಹಾಕಿಕೊಂಡು ನಿಮ್ಮ ಇಂಗ್ಲಿಷ್ ಓದಬೇಕು, ಮೊದಲ ಎರಡು ಮೂರು ಸಂದರ್ಶನವನ್ನಾದರೂ. ಹೊರಗಿನವರಿಗೆ ಆಡಿಯೋ ಕೇಳಿಸಲು ನಿಮ್ಮ ಒಪ್ಪಿಗೆ ಪತ್ರದಲ್ಲಿ ಅವಕಾಶ ಇದೆಯಾ ನೋಡಿಕೊಳ್ಳಿ.

ಎರಡು ಸಲ ಅಳೆ: ಹ್ಞಾಂ, ‘ಅವರು’ ವಿಷಯ ಒಪ್ಪಿದೆ. ಆದರೂ ‘ವಿಲ್ ಪೇ’ ತಿರುಗಿ ‘ಕಟ್ಟುತ್ತೇನೆ’ ಅಂತ ಬರುತ್ತಿತ್ತು, ಅಲ್ಲಾದರೂ ಸಿಕ್ಕಿಬೀಳುತ್ತಿತ್ತಲ್ಲ.

ಎರಡು ಸಾಲು ಸಾಕು: ನಾನು ಸಾಕ್ಷ್ಯಚಿತ್ರಗಳಿಗೆ ಸಬ್‌ಟೈಟಲ್ ಮಾಡ್ತೀನಿ. ಆ ‘ಅಂ... ಊಂ... ಅದೂ...’ ಎಲ್ಲಾ ತೆಗೆದುಬಿಡಿ ಮೇಡಂ, ಓದುವವರಿಗೆ ಹಿಂಸೆ. ಪರದೆ ಮೇಲೆ ಎರಡು ಸಾಲು ದಾಟಬಾರದು.

ಮೈಸೂರು ಹುಡುಗಿ: ಸರ್, ನನ್ನದು ಸಬ್‌ಟೈಟಲ್ ಅಲ್ಲ, ನನಗೆ ಆ ‘ಊಂ’ಗಳೇ ಬೇಕು! @ಹೆಡ್‌ಫೋನ್, ಹೌದು, ನೇರ ಇಂಗ್ಲಿಷಿಗೇ ಮಾಡಿದ್ದೆ. ನಿನ್ನೆ ಒಂದು ಫೈಲ್ ಮತ್ತೆ ಕೇಳಿದೆ. ಕಂತು ತಪ್ಪಿದ್ದನ್ನು ಮನೆಯಲ್ಲಿ ಹೇಳಿದ್ರಾ ಅಂತ ಕೇಳಿದ್ದಕ್ಕೆ ಒಬ್ಬರು “ಮನ್ಯಾಗ ನಾ ಹೇಳಿದ್ದು... (4) ಇಲ್ಲ” ಅಂತಾರೆ. ನಾನು ‘ಐ ಡಿಡ್ ನಾಟ್ ಟೆಲ್ ದೆಮ್ ಅಟ್ ಹೋಮ್’ ಅಂತ ಬರೆದಿದ್ದೆ. ಆ ನಾಲ್ಕು ಸೆಕೆಂಡು ಎಲ್ಲಿಡಲಿ?

ಹೆಡ್‌ಫೋನ್: ಒಳ್ಳೇ ಜಾಗದಲ್ಲಿ ಕೈ ಇಟ್ರಿ. ಕನ್ನಡದಲ್ಲಿ ‘ಇಲ್ಲ’ ಕೊನೆಗೆ ಬರುತ್ತೆ. ಆಕೆ ಹೇಳಿದೆ ಅನ್ನೋ ಕಡೆಗೂ ಹೋಗಬಹುದಿತ್ತು, ನಾಲ್ಕು ಸೆಕೆಂಡು ಆ ಬಾಗಿಲು ತೆರೆದೇ ಇತ್ತು. ಇಂಗ್ಲಿಷಿನಲ್ಲಿ ‘ನಾಟ್’ ಮುಂಚೆಯೇ ಬಂದುಬಿಡುತ್ತೆ. ಆಮೇಲೆ ಎಲ್ಲಿ ಮೌನ ಇಟ್ಟರೂ ಅದು ಬೇರೆ ಮೌನ. ನಾನಾದರೆ ಇಂಗ್ಲಿಷನ್ನು ಸ್ವಲ್ಪ ಬಗ್ಗಿಸ್ತೀನಿ: ‘ಟೆಲ್ಲಿಂಗ್ ದೆಮ್ ಅಟ್ ಹೋಮ್... (4) ನೋ, ಐ ಡಿಡ್ ನಾಟ್.’ ಎಲ್ಲಾ ‘ಅಂ’ಗೂ ಇಷ್ಟು ಒದ್ದಾಡಬೇಡಿ. ಎರಡು ಸೆಕೆಂಡಿಗಿಂತ ಜಾಸ್ತಿ ಇದ್ದರೆ ಸೆಕೆಂಡು ಬರೆಯಿರಿ, ಕಡಿಮೆ ಇದ್ದರೆ ಮೂರು ಚುಕ್ಕಿ. ನೀವು ವಿಷಯಗಳನ್ನು ಹುಡುಕ್ತಿದ್ದೀರಿ, ಮಾತಿನ ವರಸೆಯನ್ನೇ ಅಳೀತಿಲ್ಲವಲ್ಲ. ಇನ್ನೊಂದು, ‘ಹೂಂ’ ಕಂಡಲ್ಲೆಲ್ಲಾ ‘ಯೆಸ್’ ಹಾಕಬೇಡಿ. ಎಷ್ಟೋ ಸಲ ಅದು ಕೇಳಿಸ್ಕೊಂಡೆ ಅನ್ನೋದಷ್ಟೇ.

ಬೆಳವಲ: ನಾನು ಆ ಕಡೆಯವಳೇ, ಹಾಗಾಗಿ ‘ಐತಂತ’ ನನ್ನ ಪಾಲಿಗೆ ಇರಲಿ. ನಿಮ್ಮ ಕಡೆ ‘ಇದೆ ಅಂತೆ’ ಅಂದ ಹಾಗೆ ಅದು. ಬಾಕಿ ಇದೆ ಅಂತ ಬೇರೆಯವರು ಹೇಳ್ತಾರೆ, ನಾನಲ್ಲ. ನೀವು ಮೈಸೂರಿನವರು ಅದನ್ನು ಬರೀ ‘ಅಂತ’ ಅಂದುಕೊಂಡು ಬಿಟ್ಟುಬಿಡ್ತೀರಿ. ಹಿಂದಿನ ವಾಕ್ಯದ ಜೊತೆ ಓದಿ: ನಾನು ಕಟ್ಟಿದ್ದೇನೆ, ಸಂಘದಲ್ಲಿ ಇನ್ನೂ ಬಾಕಿ ಅಂತಾರಂತೆ. ಅದು ದೂರು! ‘ಐ ಸ್ಟಿಲ್ ಓ’ ಅಂದುಬಿಟ್ಟರೆ ಪಾಪ, ಆಕೆಯೇ ತಪ್ಪೊಪ್ಪಿಕೊಂಡ ಹಾಗೆ. ಇಂಗ್ಲಿಷಿನಲ್ಲಿ ‘ದೇ ಸೇ’ ಅಂತ ಸೇರಿಸಲೇಬೇಕು.

ಆಡುಮಾತು ತೋರಿಸೋಕೆ ‘ಏಂಟ್’, ‘ಗೊನ್ನಾ’ ಅಂತೆಲ್ಲಾ ಮಾತ್ರ ಹಾಕಬೇಡಿ. ನನ್ನ ಸಂದರ್ಶನವನ್ನೂ ಒಬ್ಬರು ಹಾಗೆ ಬರೆದಿದ್ದರು, ಓದಿದಾಗ ಸಿನಿಮಾದ ಕೌಬಾಯ್ ಥರ ಕಂಡೆ. ಸಾದಾ ಇಂಗ್ಲಿಷ್ ಸಾಕು. ‘ತ್ರಾಸ’, ‘ಆಯಿ’ ಥರದ ಪದ ಹಾಗೇ ಇಟ್ಟು, ಒಂದು ಪದಪಟ್ಟಿ ಮಾಡಿ. ಅವರೇ ಇಂಗ್ಲಿಷ್ ಪದ ಆಡಿದರೆ ಅದಕ್ಕೊಂದು ಗುರುತು ಹಾಕಿ. ನಮ್ಮ ‘ಟೆನ್ಷನ್’ ಇಂಗ್ಲಿಷಿನ ಟೆನ್ಷನ್ ಅಲ್ಲ.

ಎರಡು ಸಲ ಅಳೆ: ಬಗ್ಗಿಸಿದ ಇಂಗ್ಲಿಷ್ ಓದಿದ ಪರೀಕ್ಷಕರು ಆಕೆಗೇ ಸರಿಯಾಗಿ ಮಾತು ಬರಲ್ಲ ಅಂದುಕೊಂಡರೆ? ಕನ್ನಡದಲ್ಲಿ ಆಕೆ ಪಟಪಟ ಮಾತಾಡಿರ್ತಾಳೆ, ನೀವು ತೊದಲಿಸ್ತೀರಿ. ನನಗಿದು ಸರಿ ಕಾಣಲ್ಲ.

ಬೆಳವಲ: ಇದು ಮಾತ್ರ ನಿಜ. ನಾನಾದರೆ ಇಂಗ್ಲಿಷ್ ನೀಟಾಗಿ ಬರೆದು, ‘ಇಲ್ಲ ಅನ್ನೋ ಮುಂಚೆ ನಾಲ್ಕು ಸೆಕೆಂಡು ಸುಮ್ಮನಿದ್ದರು’ ಅಂತ ಪಕ್ಕದಲ್ಲಿ ಟಿಪ್ಪಣಿ ಹಾಕ್ತೀನಿ.

ಹೆಡ್‌ಫೋನ್: ಟಿಪ್ಪಣಿಯನ್ನು ಕೋಡ್ ಮಾಡುವಾಗ ಯಾರೂ ಓದಲ್ಲ, ನಾನೂ ಓದಲ್ಲ. ಅದಕ್ಕೇ ವಾಕ್ಯದೊಳಗೇ ಇಡ್ತೀನಿ. ನಿಮ್ಮಿಬ್ಬರ ಮಾತಲ್ಲೂ ಹುರುಳಿದೆ, ಆದರೆ ನಾನು ಬದಲಾಯಿಸಲ್ಲ.

ಮೈಸೂರು ಹುಡುಗಿ: ಬೆಳವಲ ಅಕ್ಕಾ, ಒಂದು ಡೌಟು. ನನ್ನ ಫೈಲುಗಳಲ್ಲಿ ‘ಕಟ್ಟೀನಿ’ ಹನ್ನೊಂದು ಕಡೆ ಇದೆ, ಎಲ್ಲಾ ಕಡೆ ‘ವಿಲ್ ಪೇ’ ಅಂತ ಬರೆದಿದ್ದೇನೆ. ಕಿವಿಯಲ್ಲೇ ಬೇರೆ ಮಾಡೋಕೆ ಆಗುತ್ತಾ?

ಬೆಳವಲ: ಬೇಗ ಬೇಗ ಮಾತಾಡುವಾಗ ನನಗೇ ಆಗಲ್ಲ ತಂಗಿ. ಅಕ್ಕಪಕ್ಕದ ಮಾತು ನೋಡು. ‘ಮುಂದಿನ ವಾರ’ ಇದ್ದರೆ ಕಟ್ಟುತ್ತಾರೆ, ರಸೀದಿಯ ಮಾತು ಬಂದರೆ ಹೆಚ್ಚಾಗಿ ಕಟ್ಟಿದ್ದಾರೆ. ಎರಡೂ ಇಲ್ಲದಿದ್ದರೆ ಆ ಸಾಲಿಗೆ ಪ್ರಶ್ನೆ ಗುರುತು ಹಾಕಿ ಬಿಡು, ಊಹೆ ಮಾಡಬೇಡ. ಆಗೋದಾದರೆ ಅವರನ್ನೇ ಮತ್ತೆ ಕೇಳು.