ನೇಮಕಾತಿಯ ಹೆಸರಿನಲ್ಲಿ ದಾಖಲೆ ಕೊಟ್ಟವರ ಪ್ರಶ್ನೆಗಳಿಗೆ ಬ್ಯಾಂಕಿನ ವಂಚನೆ ತಡೆ ವಿಭಾಗದ ನಿವೃತ್ತ ಅಧಿಕಾರಿ ವಸುಧಾ ಅವರ ಉತ್ತರ

ರಂಜಿತಾ, ದಾವಣಗೆರೆ: ಮೇಡಂ, ಲಿಂಕ್ಡ್‌ಇನ್‌ನಲ್ಲಿ ಬೆಂಗಳೂರಿನ ಕಂಪನಿಯೊಂದರ ಎಚ್‌ಆರ್ ಎಂದು ಪರಿಚಯಿಸಿಕೊಂಡವರು ಆಧಾರ್, ಪ್ಯಾನ್, ಪಾಸ್‌ಬುಕ್‌ನ ಮೊದಲ ಪುಟ, ರದ್ದು ಮಾಡಿದ ಚೆಕ್ಕು, ಬಿಳಿ ಹಾಳೆಯ ಮೇಲೆ ಸಹಿ ಇಷ್ಟನ್ನೂ ತರಿಸಿಕೊಂಡರು. ಆಮೇಲೆ ಸಂಬಳಕ್ಕೆಂದು ವಿಡಿಯೊ ಕೆವೈಸಿ ಮೂಲಕ ಹೊಸ ಖಾತೆ ತೆರೆಸಿ, ಪೇರೋಲ್‌ಗೆ ಜೋಡಿಸಬೇಕೆಂದು ನೆಟ್‌ಬ್ಯಾಂಕಿಂಗ್ ಪಾಸ್‌ವರ್ಡ್ ಪಡೆದರು. ಒಟಿಪಿಗಳನ್ನೂ ನಾನೇ ಓದಿ ಹೇಳಿದೆ. ನಿನ್ನೆ ಸಂಜೆ ಆ ಖಾತೆಗೆ ಮೊದಲು 1 ರೂಪಾಯಿ, ನಂತರ 49,000 ರೂಪಾಯಿ ಬಂದು, ಸ್ವಲ್ಪ ಹೊತ್ತಿನಲ್ಲೇ ಎರಡು ಕಂತಿನಲ್ಲಿ ಹೊರಗೆ ಹೋಯಿತು. ಅದು ಸಂಬಳದ ಪರೀಕ್ಷೆಯಂತೆ. ಈಗ ಡೆಬಿಟ್ ಕಾರ್ಡನ್ನೂ ಹೊಸ ಸಿಮ್ಮನ್ನೂ ಕೊರಿಯರ್ ಮಾಡಲು ಹೇಳಿದ್ದಾರೆ. ನನ್ನ ಹಣವೇನೂ ಹೋಗಿಲ್ಲ. ಕಳುಹಿಸಬಹುದೇ?

ವಸುಧಾ: ಕಳುಹಿಸಬೇಡಿ. ಈ ಗುಂಪಿಗೆ ಬಂದ ಪ್ರಶ್ನೆಗಳಲ್ಲಿ ನನಗೆ ಹೆಚ್ಚು ಆತಂಕ ಹುಟ್ಟಿಸಿದ್ದು ನಿಮ್ಮದು. ನಿಮ್ಮ ಹಣ ಹೋಗದಿರುವುದಕ್ಕೆ ಕಾರಣ, ಅವರಿಗೆ ಬೇಕಾಗಿದ್ದು ನಿಮ್ಮ ಹಣವಲ್ಲ, ನಿಮ್ಮ ಹೆಸರಿನ ಖಾತೆ. ಆ 49,000 ರೂಪಾಯಿ ಬಹುತೇಕ ಬೇರೆ ಯಾರೋ ಕಳೆದುಕೊಂಡ ಹಣ. ಅವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ಕೊಟ್ಟರೆ ಹಣ ಮೊದಲು ಬಂದು ಬಿದ್ದ ಖಾತೆ ಯಾವುದೆಂದು ಹುಡುಕುತ್ತಾರೆ, ಅಲ್ಲಿ ನಿಮ್ಮ ಹೆಸರು, ನಿಮ್ಮ ಪ್ಯಾನ್, ವಿಡಿಯೊ ಕೆವೈಸಿಯಲ್ಲಿ ಸೆರೆಯಾದ ನಿಮ್ಮ ಮುಖ ಇರುತ್ತವೆ. ಎಚ್‌ಆರ್ ಎಂದುಕೊಂಡವನ ಗುರುತು ಅಲ್ಲಿ ಎಲ್ಲಿಯೂ ಇರುವುದಿಲ್ಲ. 1 ರೂಪಾಯಿ ಹಾಕಿದ್ದು ಖಾತೆ ಜೀವಂತವಾಗಿದೆಯೇ ಎಂದು ನೋಡುವುದಕ್ಕೆ. ನಿಜವಾದ ಕಂಪನಿಗಳೂ ಹೀಗೆ ಪರೀಕ್ಷಿಸುವುದುಂಟು, ಆದ್ದರಿಂದಲೇ ನಿಮಗೆ ಅನುಮಾನ ಬಂದಿಲ್ಲ. ಆದರೆ ಯಾವ ಕಂಪನಿಯೂ ಸಂಬಳ ಹಾಕಿ ಅದನ್ನು ತಾನೇ ಹೊರಗೆ ಸಾಗಿಸುವುದಿಲ್ಲ. ಕಾರ್ಡು ಮತ್ತು ಸಿಮ್ ಎರಡೂ ಅವರ ಕೈ ಸೇರಿದರೆ ಎಟಿಎಂನಿಂದ ನಗದು ತೆಗೆಯುವುದಕ್ಕೂ ಒಟಿಪಿಗೂ ನಿಮ್ಮ ಅಗತ್ಯ ಅವರಿಗೆ ಉಳಿಯುವುದಿಲ್ಲ.

ಈಗ ಮಾಡಬೇಕಾದ ಮೊದಲ ಕೆಲಸ ಬ್ಯಾಂಕಿನದು. ಸಹಾಯವಾಣಿಗೆ ಕರೆ ಮಾಡಿ ಆ ಖಾತೆಯಿಂದ ಹಣ ಹೊರಹೋಗದಂತೆ ಡೆಬಿಟ್ ಫ್ರೀಜ್ ಮಾಡಿಸಿ, ನೆಟ್‌ಬ್ಯಾಂಕಿಂಗ್ ಮತ್ತು ಕಾರ್ಡನ್ನು ತಡೆಹಿಡಿಸಿ, ಕೋರಿಕೆಯ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಅದೇ ವಿಷಯವನ್ನು ಬ್ಯಾಂಕಿಗೆ ಇಮೇಲ್‌ನಲ್ಲೂ ಕಳುಹಿಸಿ. ಯಾವ ದಿನ, ಯಾವ ಹೊತ್ತಿಗೆ ತಿಳಿಸಿದಿರಿ ಎಂಬುದೇ ಮುಂದೆ ನಿಮ್ಮ ಪರವಾಗಿ ಮಾತನಾಡುವ ದಾಖಲೆ. ಖಾತೆಯನ್ನು ಮುಚ್ಚಿಸಲು ಅವಸರ ಬೇಡ, ಮುಚ್ಚಿದ ಖಾತೆಯ ವಿವರಗಳನ್ನು ಹೊರತೆಗೆಸುವುದು ಕಷ್ಟ. ಅಲ್ಲಿ ಉಳಿದಿರುವ ಹಣವನ್ನು ನಿಮ್ಮ ಹಳೆಯ ಖಾತೆಗೆ ವರ್ಗಾಯಿಸಲೂ ಬೇಡಿ. ಒಂದು ರೂಪಾಯಿ ಆ ದಾರಿಯಲ್ಲಿ ಬಂದರೂ ಹಳೆಯ ಖಾತೆಯೂ ಹಣದ ಜಾಡಿನೊಳಗೆ ಸೇರಿ ತಡೆಗೆ ಒಳಗಾಗಬಹುದು.

ಎರಡನೆಯದು ಸಾಕ್ಷ್ಯ. ಸಿಟ್ಟಿನಿಂದ ಆ ಪ್ರೊಫೈಲನ್ನು ಈಗಲೇ ರಿಪೋರ್ಟ್ ಮಾಡಬೇಡಿ, ಅವನೊಂದಿಗೆ ಜಗಳಕ್ಕೂ ಇಳಿಯಬೇಡಿ. ಪ್ರೊಫೈಲ್ ಅಳಿಸಿದರೆ ನಿಮ್ಮ ಸಂದೇಶಗಳಲ್ಲಿ ಅವನ ಹೆಸರಿನ ಜಾಗದಲ್ಲಿ LinkedIn Member ಎಂದಷ್ಟೇ ಉಳಿಯುತ್ತದೆ. ಮೊದಲು ಪ್ರೊಫೈಲಿನ ಪೂರ್ಣ ವಿಳಾಸವನ್ನು ನಕಲು ಮಾಡಿ, ಪರದೆಯ ಚಿತ್ರವೊಂದೇ ಸಾಲದು. ಆಫರ್ ಲೆಟರ್ ಬಂದ ಇಮೇಲನ್ನು ಅಳಿಸದೆ ಹಾಗೆಯೇ ಇಡಿ, ನೀವು ದಾಖಲೆ ತುಂಬಿದ ಫಾರ್ಮಿನ ಕೊಂಡಿ, ಕೊರಿಯರ್ ವಿಳಾಸ, ಕರೆ ಬಂದ ಸಂಖ್ಯೆಗಳನ್ನು ಒಂದೆಡೆ ಬರೆಯಿರಿ. ಕೊರಿಯರ್ ವಿಳಾಸವನ್ನು ಹಗುರವಾಗಿ ಕಾಣಬೇಡಿ, ಅವನು ತಾನಾಗಿ ಕೊಟ್ಟ ನೆಲದ ಮೇಲಿನ ಗುರುತು ಅದೊಂದೇ.

ಆಮೇಲೆ 1930ಕ್ಕೆ ಕರೆ ಮಾಡಿ, cybercrime.gov.in ನಲ್ಲಿ ದೂರು ಸಲ್ಲಿಸಿ, ಸ್ವೀಕೃತಿ ಸಂಖ್ಯೆಯೊಂದಿಗೆ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ದಾವಣಗೆರೆಯ ಸೆನ್ ಠಾಣೆಗೆ ಖುದ್ದಾಗಿ ಹೋಗಿ. ನನ್ನ ಹಣ ಹೋಗಿದೆ ಎಂದು ಬರೆಯಬೇಡಿ, ನನ್ನ ಹೆಸರಿನ ಖಾತೆಯಲ್ಲಿ ಅನ್ಯರ ಹಣ ಹಾದುಹೋಗಿದೆ ಎಂದು ಇದ್ದಂತೆಯೇ ಬರೆಯಿರಿ. ಪಾಸ್‌ವರ್ಡ್ ಕೊಟ್ಟದ್ದನ್ನೂ ಮರೆಮಾಚಬೇಡಿ, ಲಾಗಿನ್ ದಾಖಲೆಗಳಿಂದ ಅದು ಹೇಗೂ ಗೊತ್ತಾಗುತ್ತದೆ. ಇನ್ನು ಹಳೆಯ ಖಾತೆಯ ಮಾತು. ರದ್ದು ಮಾಡಿದ ಚೆಕ್ಕಿನ ಪ್ರತಿಗಿಂತ ನನಗೆ ಹೆದರಿಕೆ ಆ ಬಿಳಿ ಹಾಳೆಯ ಸಹಿಯದು. ಖಾತೆ ಸಂಖ್ಯೆ, ಐಎಫ್‌ಎಸ್‌ಸಿ ಮತ್ತು ಸಹಿ ಇದ್ದರೆ ಕಂತು ಕಡಿತದ ಕಾಗದದ ಒಪ್ಪಿಗೆಪತ್ರವನ್ನು ಯಾರಾದರೂ ಸೃಷ್ಟಿಸಬಹುದು. ಹಳೆಯ ಶಾಖೆಗೆ ಹೋಗಿ ನಿಮ್ಮ ಖಾತೆಯ ಮೇಲೆ ನ್ಯಾಚ್ ಎಂಬ ಸ್ವಯಂಚಾಲಿತ ಕಂತು ಕಡಿತದ ಯಾವ ಒಪ್ಪಿಗೆಗಳಿವೆ ಎಂದು ಕೇಳಿ ನೋಡಿಸಿ.

ಗೋಪಾಲಕೃಷ್ಣ, ಶಿವಮೊಗ್ಗ: ಪಾಸ್‌ವರ್ಡ್ ಕೊಡುವುದೆಂದರೇನು? ಮನೆಯಲ್ಲಿ ಕುಳಿತೇ ಕೈತುಂಬ ಸಂಬಳ ಎಂಬ ದುರಾಸೆಯೇ ಇದಕ್ಕೆಲ್ಲ ಮೂಲ.

ಇಮ್ರಾನ್, ಬೆಂಗಳೂರು: ಹಿರಿಯರು ಕ್ಷಮಿಸಬೇಕು. ನಾನೇ ನೇಮಕಾತಿ ವಿಭಾಗದಲ್ಲಿದ್ದೇನೆ. ಆಧಾರ್, ಪ್ಯಾನ್, ರದ್ದು ಮಾಡಿದ ಚೆಕ್ಕು, ಹಿಂದಿನ ಕಂಪನಿಯ ರಿಲೀವಿಂಗ್ ಲೆಟರ್ ಇವನ್ನು ನಾವೂ ಕೇಳುತ್ತೇವೆ. ಕೇಳಿದ್ದನ್ನು ಕೊಟ್ಟ ಹುಡುಗಿಯನ್ನು ದುರಾಸೆ ಎಂದು ಬೈಯುವುದು ಸರಿಯಲ್ಲ. ನಮ್ಮಲ್ಲಿ ಬೇರೆಯಿರುವುದು ಕ್ರಮ: ಆಫರ್ ಒಪ್ಪಿದ ಮೇಲೆ, ಕಂಪನಿಯದೇ ಪೋರ್ಟಲಿನಲ್ಲಿ, ಕಂಪನಿಯದೇ ಡೊಮೇನಿನ ಇಮೇಲಿನಿಂದ. ಒಟಿಪಿಯನ್ನೋ ಪಾಸ್‌ವರ್ಡನ್ನೋ ಕೇಳುವುದಿಲ್ಲ.

ಗೋಪಾಲಕೃಷ್ಣ, ಶಿವಮೊಗ್ಗ: ನಾವು ಕೆಲಸಕ್ಕೆ ಸೇರುವಾಗ ಮೂಲ ದಾಖಲೆಗಳೊಂದಿಗೆ ಕಚೇರಿಗೆ ಹೋಗಿ ನಿಲ್ಲುತ್ತಿದ್ದೆವು.

ಸುನೀಲ, ಬೆಳಗಾವಿ: ಇಷ್ಟೆಲ್ಲ ಏಕೆ? ಪ್ರೊಫೈಲಿನಲ್ಲಿ ವೆರಿಫೈಡ್ ಗುರುತು ಇದ್ದರೆ ನಂಬಬಹುದು, ಇಲ್ಲದಿದ್ದರೆ ಬಿಡಬೇಕು.

ಇಮ್ರಾನ್, ಬೆಂಗಳೂರು: ಹಾಗಾದರೆ ನನ್ನನ್ನೂ ಬಿಡಬೇಕು, ನನಗೆ ಆ ಗುರುತಿಲ್ಲ.

ವಸುಧಾ: ಸುನೀಲ ಅವರು ಹೇಳಿದ್ದು ಅರ್ಧ ಸರಿ. ಆ ಗುರುತು ಕೆಲವೊಮ್ಮೆ ವ್ಯಕ್ತಿಯ ಗುರುತಿನ ಚೀಟಿಯನ್ನು ಮಾತ್ರ ದೃಢೀಕರಿಸಿರುತ್ತದೆ, ಕೆಲಸದ ಜಾಗವನ್ನಲ್ಲ. ಗುರುತಿನ ಮೇಲೆ ಒತ್ತಿದರೆ ಏನನ್ನು ಪರಿಶೀಲಿಸಿದ್ದಾರೆ ಎಂದು ಕಾಣುತ್ತದೆ. ಪ್ರೊಫೈಲ್ ಯಾವಾಗ ತೆರೆದದ್ದು, ಚಿತ್ರ ಯಾವಾಗ ಬದಲಾದದ್ದು ಎಂಬುದು About this profile ಎಂಬಲ್ಲಿದೆ. ಹತ್ತು ವರ್ಷದ ಅನುಭವ ಬರೆದುಕೊಂಡವನ ಚಿತ್ರ ಕಳೆದ ತಿಂಗಳು ಬದಲಾಗಿದ್ದರೆ ಖಾತೆಯನ್ನು ಕದ್ದಿರುವ ಸಾಧ್ಯತೆಯೂ ಇದೆ. ಇನ್ನೊಂದು ಮಾತು: ಯಾವ ಕಂಪನಿಯ ಹೆಸರನ್ನು ಬೇಕಾದರೂ ತನ್ನ ಉದ್ಯೋಗದಾತನೆಂದು ಯಾರಾದರೂ ಬರೆದುಕೊಳ್ಳಬಹುದು.

ಮಂಜುನಾಥ, ತುಮಕೂರು: ಮೇಡಂ, ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ: ದಾಖಲೆ ಸೋರಿದರೆ ಪ್ಯಾನ್ ರದ್ದು ಮಾಡಿಸಿ ಹೊಸದನ್ನು ಪಡೆಯಬೇಕು, ಆಧಾರ್‌ನ ಬೆರಳಚ್ಚು ಲಾಕ್ ಮಾಡಿದರೆ ಯಾರೂ ಸಾಲ ತೆಗೆಯಲಾಗದು. ರಂಜಿತಾ ಅವರು ಇದನ್ನು ಮಾಡಲಿ.

ವಸುಧಾ: ದಯವಿಟ್ಟು ಇಂಥವನ್ನು ಇಲ್ಲಿ ಹಾಕಬೇಡಿ. ಎರಡು ಪ್ಯಾನ್ ಹೊಂದಿದರೆ 10,000 ರೂಪಾಯಿ ದಂಡ ಬೀಳುತ್ತದೆ, ಸೋರಿಕೆಗಾಗಿ ಹೊಸ ಸಂಖ್ಯೆ ಕೊಡುವ ಕ್ರಮವಿಲ್ಲ. ಬೆರಳಚ್ಚಿನ ಲಾಕ್ ತಡೆಯುವುದು ಬೆರಳಚ್ಚಿನಿಂದ ನಡೆಯುವ ದೃಢೀಕರಣವನ್ನು ಮಾತ್ರ, ಒಟಿಪಿಯಿಂದ ನಡೆಯುವುದು ಹಾಗೆಯೇ ತೆರೆದಿರುತ್ತದೆ. ರಂಜಿತಾ ಅವರು ಒಟಿಪಿಯನ್ನೇ ಓದಿ ಹೇಳಿದ್ದಾರೆ, ಅದಕ್ಕೆ ಬೆರಳಿನ ಲಾಕ್ ಏನು ಮಾಡೀತು?

ಮಂಜುನಾಥ, ತುಮಕೂರು: ಉಪಕಾರಕ್ಕೆಂದು ಹಾಕಿದ್ದು. ಇಷ್ಟು ಖಾರವಾಗಿ ಹೇಳಬೇಕಾಗಿರಲಿಲ್ಲ.

ಫಾತಿಮಾ, ಮಂಗಳೂರು: ನಾನು ಆಧಾರ್ ಮತ್ತು ಪ್ಯಾನ್ ಪ್ರತಿ ಮಾತ್ರ ಕೊಟ್ಟು ಅಲ್ಲಿಗೇ ನಿಲ್ಲಿಸಿದೆ. ನನ್ನ ಹೆಸರಿನಲ್ಲಿ ಏನು ತೆರೆದಿದ್ದಾರೆಂದು ನೋಡುವುದು ಹೇಗೆ?

ವಸುಧಾ: ಎಲ್ಲವನ್ನೂ ಒಂದೇ ಕಡೆ ತೋರಿಸುವ ಜಾಗ ಜನಸಾಮಾನ್ಯರಿಗೆ ಇಲ್ಲ, ಆದ್ದರಿಂದ ತುಂಡು ತುಂಡಾಗಿ ನೋಡಬೇಕು. ಸಾಲಕ್ಕೆ ಕ್ರೆಡಿಟ್ ವರದಿ; ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ನಾಲ್ಕೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಅಂಕ ನೋಡಿ ಮುಚ್ಚಿಡಬೇಡಿ, ಕೊನೆಯಲ್ಲಿರುವ ವಿಚಾರಣೆಗಳ ಭಾಗಕ್ಕೆ ಹೋಗಿ. ನೀವು ಅರ್ಜಿಯನ್ನೇ ಹಾಕದ ಸಾಲ ಸಂಸ್ಥೆಯ ಹೆಸರು ಸಾಲ ಮಂಜೂರಾಗುವ ಮೊದಲೇ ಅಲ್ಲಿ ಕಾಣಿಸುತ್ತದೆ. ನಿಮ್ಮ ಹೆಸರಿನಲ್ಲಿರುವ ಸಿಮ್‌ಗಳಿಗೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣ. ಆಧಾರ್ ಬಳಕೆಗೆ ಯುಐಡಿಎಐ ಜಾಲತಾಣದಲ್ಲಿ ಹಿಂದಿನ ಆರು ತಿಂಗಳ ದೃಢೀಕರಣದ ಪಟ್ಟಿ ಸಿಗುತ್ತದೆ, ಆದರೆ ಆಧಾರ್‌ನ ಝೆರಾಕ್ಸ್ ಪ್ರತಿಯನ್ನು ಎಲ್ಲಾದರೂ ಕೊಟ್ಟಿದ್ದರೆ ಅದು ಅಲ್ಲಿ ಬರುವುದಿಲ್ಲ. ಅಪರಿಚಿತ ಬ್ಯಾಂಕಿನ ಉಳಿತಾಯ ಬಡ್ಡಿಯೇನಾದರೂ ಇದ್ದರೆ ಆದಾಯ ತೆರಿಗೆ ಪೋರ್ಟಲಿನಲ್ಲಿರುವ ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿಯಲ್ಲಿ ಕಾಣಬಹುದು, ಆದರೆ ತಡವಾಗಿ.

ಚಂದ್ರಶೇಖರ, ಹಾಸನ: ದುಬೈ ಕೆಲಸಕ್ಕೆಂದು ಪಾಸ್‌ಪೋರ್ಟಿನ ಪ್ರತಿ ಕಳುಹಿಸಿದ್ದೇನೆ. ಅದರಿಂದ ಏನಾಗಬಹುದು?

ನಾಗರಾಜ, ಕಲಬುರಗಿ: ನಾನೂ ಆಧಾರ್, ಪ್ಯಾನ್ ಕೊಟ್ಟಿದ್ದೇನೆ. ಏನು ಮಾಡಬೇಕು?

ವಸುಧಾ: ಫಾತಿಮಾ ಅವರಿಗೆ ಕೊಟ್ಟ ಉತ್ತರ ಓದಿ.

ಶಾರದಮ್ಮ, ಮೈಸೂರು: ಆಧಾರ್‌ನಲ್ಲಿ ವಿಳಾಸ ಬದಲಿಸಲು ಮಗನ ಕಂಪನಿಯ ಪತ್ರ ಸಾಕೇ?

ರೇಖಾ, ಹುಬ್ಬಳ್ಳಿ: ನಾನು ವಕೀಲೆ. ರಂಜಿತಾ ಅವರು ಠಾಣೆಗೆ ಹೋಗುವ ಮೊದಲು ವಕೀಲರನ್ನು ಕಾಣಲಿ. ಪಾಸ್‌ವರ್ಡ್ ಕೊಟ್ಟೆ ಎಂದು ಬರೆದುಕೊಟ್ಟರೆ ಅದೇ ಅವರ ವಿರುದ್ಧ ನಿಲ್ಲಬಹುದು. ವಂಚನೆಯ ಅರಿವಿತ್ತೇ ಎಂಬುದೇ ಮುಂದಿನ ಪ್ರಶ್ನೆಯಾಗುತ್ತದೆ.

ವಸುಧಾ: ವಕೀಲರನ್ನು ಕಾಣಬೇಡಿ ಎಂದು ನಾನು ಹೇಳಿಲ್ಲ. ದಿನಗಳೆಯಬೇಡಿ ಎಂದೆ, ಅಷ್ಟೇ. ಖಾತೆ ತಡೆಯಾದ ಮೇಲೆ ಬಂದು ದೂರು ಕೊಟ್ಟವರಿಗೂ ಮೊದಲೇ ಬಂದು ತಿಳಿಸಿದವರಿಗೂ ನೋಡುವ ಕಣ್ಣು ಬೇರೆಯಾಗಿರುತ್ತದೆ ಎಂಬುದು ನನ್ನ ಅನುಭವ.

ರೇಖಾ, ಹುಬ್ಬಳ್ಳಿ: ಅನುಭವ ಬ್ಯಾಂಕಿನದು, ಮೇಡಂ. ಠಾಣೆಯದಲ್ಲ.

ಗೋಪಾಲಕೃಷ್ಣ, ಶಿವಮೊಗ್ಗ: ಇಬ್ಬರಲ್ಲಿ ಯಾರ ಮಾತು ಕೇಳಬೇಕು ಹೇಳಿ.

ರಂಜಿತಾ, ದಾವಣಗೆರೆ: 1930ರಲ್ಲಿ ದೂರು ದಾಖಲಾಗಿದೆ, ಸಂಖ್ಯೆ ಸಿಕ್ಕಿದೆ. ಕಾರ್ಡು ನನ್ನ ಬಳಿಯೇ ಇದೆ. ಆದರೆ ಹೊಸ ಬ್ಯಾಂಕಿನ ಸಹಾಯವಾಣಿಯವರು ಆ್ಯಪ್‌ನಲ್ಲೇ ಕೋರಿಕೆ ಹಾಕಿ ಎನ್ನುತ್ತಾರೆ, ಆ್ಯಪ್‌ನ ಪಾಸ್‌ವರ್ಡನ್ನು ಆ ಎಚ್‌ಆರ್ ಎಂದವರು ಬದಲಿಸಿಬಿಟ್ಟಿದ್ದಾರೆ. ಈ ನಡುವೆ 49,000 ತನ್ನದೆಂದು ಒಬ್ಬರು ಅಳುತ್ತ ಕರೆ ಮಾಡಿದರು. ಅಪ್ಪ ಅಷ್ಟನ್ನೂ ಕೊಟ್ಟುಬಿಡೋಣ ಎನ್ನುತ್ತಿದ್ದಾರೆ.

ವಸುಧಾ: ಕೊಡಬೇಡಿ. ಕರೆ ಮಾಡಿದವರು ಕಳೆದುಕೊಂಡವರೋ, ಅದೇ ಗುಂಪಿನವರೋ ನಿಮಗೆ ಗೊತ್ತಿಲ್ಲ. ಆ ಸಂಖ್ಯೆಯನ್ನು ತನಿಖಾಧಿಕಾರಿಗೆ ಕೊಡಿ, ಹಣ ಹಿಂದಿರುಗಿಸುವುದಿದ್ದರೆ ಅವರ ಮೂಲಕವೇ ಆಗಲಿ. ಆ್ಯಪ್‌ನ ಪಾಸ್‌ವರ್ಡನ್ನು ನಿಮ್ಮ ಮೊಬೈಲ್ ಸಂಖ್ಯೆ ಮತ್ತು ಕೈಯಲ್ಲಿರುವ ಡೆಬಿಟ್ ಕಾರ್ಡಿನಿಂದ ಮರುಹೊಂದಿಸಲು ಯತ್ನಿಸಿ, ಕಾರ್ಡು ಕಳುಹಿಸದಿದ್ದದ್ದು ಈಗ ಕೆಲಸಕ್ಕೆ ಬರುತ್ತದೆ. ಆಗದಿದ್ದರೆ ಬ್ಯಾಂಕಿನ ಜಾಲತಾಣದಲ್ಲಿರುವ ನೋಡಲ್ ಅಧಿಕಾರಿಯ ಇಮೇಲಿಗೆ ದೂರಿನ ಸಂಖ್ಯೆಯೊಂದಿಗೆ ಬರೆಯಿರಿ. 30 ದಿನದಲ್ಲಿ ಉತ್ತರವಿಲ್ಲದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಇದ್ದಾರೆ, ಆದರೆ ಈ ಖಾತೆ ಇವತ್ತೇ ನಿಲ್ಲಬೇಕು. ಹತ್ತಿರದಲ್ಲಿ ಅದೇ ಬ್ಯಾಂಕಿನ ಯಾವುದೇ ಶಾಖೆಯಿದ್ದರೆ ಅಪ್ಪನವರನ್ನು ಕರೆದುಕೊಂಡು ಈಗಲೇ ಹೋಗಿ, ಲಿಖಿತ ಕೋರಿಕೆಯ ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ.

ಚಂದ್ರಶೇಖರ, ಹಾಸನ: ಮೇಡಂ, ಪಾಸ್‌ಪೋರ್ಟಿನ ಬಗ್ಗೆ ಕೇಳಿದ್ದೆ.

ಮಂಜುನಾಥ, ತುಮಕೂರು: ಇನ್ನೊಂದು ಸಂದೇಶ ಬಂದಿದೆ, ಹಾಕಬಹುದೇ?

ವಸುಧಾ: ಬೇಡ.