ಮೂರು ಸಲ ಮುಂದಕ್ಕೆ ಹೋದ ವಾರ್ಷಿಕ ಸಭೆ: ಅಧ್ಯಕ್ಷರ ಮೊದಲ ಮಾತು ಹೇಗಿರಬೇಕು?

ಕೇಳಿದವರು, ಚಿಂಚೋಳಿ ಕಡೆಯವರು:
ನಮ್ಮದು ತೊಗರಿ ಬೆಳೆಗಾರರ ಉತ್ಪಾದಕ ಕಂಪನಿ. ಈ ವರ್ಷ ನಾನು ಅಧ್ಯಕ್ಷೆ. ವಾರ್ಷಿಕ ಪರಿಶೀಲನಾ ಸಭೆ ಅಕ್ಟೋಬರ್‌ದಾಗ ಆಗಬೇಕಿತ್ತು. ಲೆಕ್ಕಪತ್ರ ತಯಾರಿಲ್ಲ ಅಂತ ಒಮ್ಮೆ, ಎಳ್ಳಮಾವಾಸ್ಯಿ ಬಂತು ಅಂತ ಒಮ್ಮೆ, ರಾಶಿ ನಡದದ ಅಂತ ಇನ್ನೊಮ್ಮೆ ಮುಂದಕ್ಕ ಹೋಯ್ತು. ಈಗ ಫೆಬ್ರವರಿ ಒಂದು ಭಾನುವಾರಕ್ಕ ಎಲ್ಲರೂ ತಮ್ಮ ಕೆಲಸ ಸರಿಸಿ ಒಪ್ಪಿದ್ದಾರೆ. ನಿರ್ದೇಶಕರು, ಹಳ್ಳಿ ಗುಂಪಿನ ಮುಖಂಡರು ಸೇರಿ 22 ಮಂದಿ. ಧನ್ಯವಾದ ಹೇಳಬೇಕು, ಆದರೆ ಅದು ನೆಪ ಹೇಳಿದಂಗ ಕೇಳಬಾರದು. ಇಂಥ ಸಭೆ ನಡೆಸಿದವರು ನಿಮ್ಮ ಅನುಭವ ಹೇಳ್ರಿ.

ಸೇಡಂನ ನಿವೃತ್ತ ಸಹಕಾರಿ ಕಾರ್ಯದರ್ಶಿ:
ಅಕ್ಕಾರ, ನಾನು ಒಂದು ಸಂಘದಾಗ ಇದೇ ತಪ್ಪು ಮಾಡೀನಿ, ಅದನ್ನೇ ಮೊದಲು ಹೇಳ್ತೀನಿ. ಎರಡು ಸಲ ಮುಂದೂಡಿದ ಸಭೆ. ನಾನು ಬರೆದುಕೊಟ್ಟ ಭಾಷಣದಾಗ ಅಧ್ಯಕ್ಷರು "ತಮ್ಮ ಅಮೂಲ್ಯ ಸಮಯವನ್ನು ಬಿಡುವು ಮಾಡಿಕೊಂಡು ಬಂದಿರುವಿರಿ" ಅಂದರು. ಹಿಂದಿನ ಸಾಲಿನಿಂದ ಒಬ್ಬ ಮುದುಕರು ಎದ್ದು, "ಹೋದ ಸಲ ನಾನು ಬಂದಿದ್ದೆ. ಬಾಗಿಲಿಗೆ ಕೀಲಿ ಹಾಕಿತ್ತು" ಅಂದರು. ಅವರಿಗೆ ಫೋನ್ ಮಾಡಿ ತಿಳಿಸುವುದನ್ನ ನಾವು ಮರೆತಿದ್ದೆವು. ಬಸ್ಸಿನ ರೊಕ್ಕ, ಅರ್ಧ ದಿನದ ಕೂಲಿ ಹೋಗಿತ್ತು. ಆಮೇಲೆ ಒಂದು ತಾಸು ಲೆಕ್ಕದ ಮಾತೇ ನಡೀಲಿಲ್ಲ.

ಅವತ್ತಿನಿಂದ ನನ್ನ ಪದ್ಧತಿ ಇಷ್ಟು. ಸಭೆಗೆ ಒಂದು ವಾರ ಮೊದಲು ರದ್ದಾದ ಪ್ರತಿ ತಾರೀಖನ್ನ ಮುಂದಿಟ್ಟುಕೊಂಡು, ಯಾರಿಗೆ ಸುದ್ದಿ ಮುಟ್ಟಲಿಲ್ಲ, ಯಾರು ಬಂದು ವಾಪಸ್ ಹೋದರು ಅಂತ ಕೇಳಿ ಬರಕೊಳ್ಳೋದು. ಮೊದಲ ಧನ್ಯವಾದ ಅವರಿಗೆ. ಇವತ್ತು ಕೆಲಸ ಬಿಟ್ಟು ಬಂದವರಿಗೆ ಎರಡನೇದು. ಬರಲಿಕ್ಕೆ ಆಗದೆ ಪತ್ರ ಕಳಿಸಿದವರ ಹೆಸರು ಮೂರನೇದು. ಈ ಅನುಕ್ರಮ ತಪ್ಪಿದರೆ ಹೊಗಳಿಕೆ ಚುಚ್ಚುತ್ತದ.

ಯಾದಗಿರಿಯಿಂದ:
ಕಂಪನಿ ಅಂದರೆ ವಾರ್ಷಿಕ ಸಭೆ ಸೆಪ್ಟೆಂಬರ್ 30ರೊಳಗೆ ಆಗಲೇಬೇಕು, 21 ದಿನದ ನೋಟಿಸ್ ಬೇಕು. ಅದು ತಪ್ಪಿದ ಮೇಲೆ ಫೆಬ್ರವರಿಯ ಸಭೆಯ ತೀರ್ಮಾನ ನಿಲ್ತದೋ ಇಲ್ಲೋ ಅಂತ ನನಗ ಅನುಮಾನ. ಧನ್ಯವಾದಕ್ಕಿಂತ ಮೊದಲು ಇದನ್ನ ನೋಡ್ರಿ.

ಬೀದರದ ಮಹಿಳಾ ಒಕ್ಕೂಟದವರು:
ನಮ್ಮ ಒಕ್ಕೂಟದಾಗೂ ಹೀಂಗೇ ಆಗಿತ್ತು. ನಾವು ವಂದನಾರ್ಪಣೆಯನ್ನ ಕಡೀಕೆ ಇಟ್ಟು, ಎಲ್ಲರಿಗೂ ಶಾಲು ಹೊದಿಸಿದೆವು. ಸಭೆಗೆ ಶೇಂಗಾ ಹೋಳಿಗೆ, ಭಜ್ಜಿ ಮಾಡಿದ್ದೆವು. ಜನ ಖುಷಿ ಪಟ್ಟರು. ನೀವೂ ಒಂದು ವಂದನಾ ಭಾಷಣ ಬರದು ತಗೊಂಡು ಹೋಗ್ರಿ. ಮಕ್ಕಳನ್ನ ಕರಕೊಂಡು ಬರೋರಿಗೆ ಒಂದು ಕೋಣೆ ಇಡೋದು ಮಾತ್ರ ಮರೀಬ್ಯಾಡ್ರಿ. ನಮ್ಮಲ್ಲಿ ಅರ್ಧ ಮಂದಿ ಕೂಸಿನ ಕಾರಣಕ್ಕೇ ಬೇಗ ಎದ್ದು ಹೋಗುತ್ತಿದ್ದರು.

ಸೇಡಂನ ನಿವೃತ್ತ ಕಾರ್ಯದರ್ಶಿ:
ಬೀದರದ ತಂಗಿ ಹೇಳಿದ್ದು ಕಡೀ ಮಾತಿಗೆ ಹೊಂದುತ್ತದ. ಇವರು ಕೇಳಿದ್ದು ಮೊದಲ ಐದು ನಿಮಿಷ. ಕೋಣೆಯ ವಿಚಾರ ಮಾತ್ರ ಖರೇನೇ ಬೇಕು.

ಯಾದಗಿರಿಯವರು ಅರ್ಧ ಸರಿ ಹೇಳ್ಯಾರ. 21 ದಿನ, ಸೆಪ್ಟೆಂಬರ್ 30 ಸಾಮಾನ್ಯ ಕಂಪನಿಗಳಿಗೆ. ರೈತ ಉತ್ಪಾದಕ ಕಂಪನಿಗೆ ಕಂಪನಿ ಕಾಯ್ದೆಯೊಳಗೇ ಬೇರೆ ಅಧ್ಯಾಯ ಅದ. ಅಲ್ಲಿ ಎಲ್ಲಾ ಸದಸ್ಯರನ್ನ ಕರೆಯೋ ವಾರ್ಷಿಕ ಮಹಾಸಭೆಗೆ 14 ದಿನದ ನೋಟಿಸ್, ಎರಡು ವಾರ್ಷಿಕ ಮಹಾಸಭೆಗಳ ನಡುವೆ 15 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಕೋರಂ ಒಟ್ಟು ಸದಸ್ಯರ ನಾಲ್ಕನೇ ಒಂದು ಪಾಲು, ನಿಮ್ಮ ಕಂಪನಿಯ ನಿಯಮಾವಳಿಯಲ್ಲಿ ಇನ್ನೂ ಹೆಚ್ಚು ಅಂತ ಇದ್ದರೆ ಅದು. ಸಾರ್ವಜನಿಕ ರಜೆಯ ದಿನ ಮಹಾಸಭೆ ಕರೆಯೋ ಹಾಗಿಲ್ಲ.

ಅಂದಮೇಲೆ ಅಕ್ಕಾರ, ನಿಮ್ಮ ಭಾನುವಾರದ 22 ಮಂದಿ ಸೇರೋದು ಮಹಾಸಭೆ ಅಲ್ಲ, ಅದು ಪರಿಶೀಲನಾ ಸಭೆ. ಲೆಕ್ಕಪತ್ರ ಒಪ್ಪೋದು, ಬೋನಸ್ ಘೋಷಿಸೋದು ಅಲ್ಲಿ ಆಗೋ ಕೆಲಸ ಅಲ್ಲ. ಅಕ್ಟೋಬರ್‌ಕ್ಕೆ ಲೆಕ್ಕಪತ್ರವೇ ತಯಾರಿರಲಿಲ್ಲ ಅಂದರೆ ಮಹಾಸಭೆಯೂ ನಿಂತಿರಬೇಕು. ಹಿಂದಿನ ಮಹಾಸಭೆಯ ತಾರೀಖು ತೆಗೆದು 15 ತಿಂಗಳು ಎಣಿಸಿ ನೋಡ್ರಿ. ದಾಟಿದ್ದರೆ ಭಾನುವಾರಕ್ಕಿಂತ ಮುಂಚೆ ನಿಮ್ಮ ಕಂಪನಿ ಸೆಕ್ರೆಟರಿಯನ್ನ ಕಾಣ್ರಿ, ಮುಂದಿನ ಹಾದಿ ಅವರೇ ಹೇಳಬೇಕು.

ಇದನ್ನ ಇಲ್ಲಿ ಯಾಕ ಹೇಳಿದೆ ಅಂದರೆ, ಅಧ್ಯಕ್ಷರ ಮೊದಲ ಮಾತಿನಾಗೇ ಈ ಗೊಂದಲ ಹುಟ್ಟುತ್ತದ. "ಇವತ್ತು ವಾರ್ಷಿಕ ಸಭೆ, ಲೆಕ್ಕ ಒಪ್ಪಿಗೆ ಕೊಡ್ರಿ" ಅಂತ ಬಾಯಿ ಜಾರಿದರೆ ನಡಾವಳಿಯಲ್ಲಿ ಹಾಗೇ ಬಂದುಬಿಡುತ್ತದ.

ಆಳಂದದ ಯುವಕ, ಇಂಥದೇ ಕಂಪನಿಯ ಸಿಇಒ:
ಕಾಕಾ, ಹೆಸರು ಹಿಡಿದು ಧನ್ಯವಾದ ಹೇಳಬೇಕೇ ಅನ್ನೋದರಲ್ಲಿ ನನಗ ಒಂದು ಅನುಮಾನ. ನಮ್ಮಲ್ಲಿ ಐದು ಮಂದಿಯ ಹೆಸರು ಹೇಳಿದರು, ಆರನೆಯವರಿಗೆ ಬೇಸರ ಆಯ್ತು. ಆಕೆ ಮಗಳ ನಿಶ್ಚಿತಾರ್ಥದ ಮಾತುಕತೆ ಬಿಟ್ಟು ಬಂದಿದ್ದರು, ಯಾರಿಗೂ ಹೇಳಿರಲಿಲ್ಲ. ಊರಿನ ಲೆಕ್ಕದಲ್ಲಿ ಹೇಳೋದು ಕ್ಷೇಮ ಅನಿಸ್ತದ.

ಸೇಡಂನ ನಿವೃತ್ತ ಕಾರ್ಯದರ್ಶಿ:
ನಿಮ್ಮ ಮಾತೂ ಖರೇ. 22 ಮಂದಿಯ ಸಭೆಯಲ್ಲಿ ಹೆಸರು ನಡೀತದ ಅಂತ ನನ್ನ ನಂಬಿಕೆ, ನೂರು ದಾಟಿದರೆ ಊರಿನ ಹೆಸರೇ ಒಳ್ಳೇದು. ಅಕ್ಕಾರೇ ತಮ್ಮ ಮಂದಿ ನೋಡಿ ನಿರ್ಧಾರ ಮಾಡಲಿ.

ಒಂದು ಮಾದರಿ ಬರೆದೀನಿ. ಓದಿದರೆ ಎರಡು ನಿಮಿಷಕ್ಕಿಂತ ಕಡಿಮೆ.

"ಎಲ್ಲರಿಗೂ ಶರಣು. ಈ ಸಭೆ ಅಕ್ಟೋಬರ್‌ದಾಗ ಆಗಬೇಕಿತ್ತು, ನಾಲ್ಕು ತಿಂಗಳು ತಡ ಆಗ್ಯಾದ. ಮೊದಲನೇ ಸಲ ಲೆಕ್ಕ ತಯಾರಿರಲಿಲ್ಲ, ಅದು ನಮ್ಮ ತಪ್ಪು. ಎರಡನೇ ಸಲ ಎಳ್ಳಮಾವಾಸ್ಯಿ ದಿನವೇ ಸಭೆ ಕರೆದಿದ್ದೆವು. ಅವತ್ತು ಎಲ್ಲರೂ ಹೊಲದಾಗ ಚರಗ ಚೆಲ್ಲತಿರ್ತಾರ ಅಂತ ನಮಗೇ ಗೊತ್ತಿರಬೇಕಿತ್ತು. ಮೂರನೇ ಸಲ ನೀವು ರಾಶಿಯಲ್ಲಿದ್ದಿರಿ, ಅದು ಸರಿಯಾದ ಕಾರಣ. ಆ ದಿನಗಳಲ್ಲಿ ಬಂದು ವಾಪಸ್ ಹೋದವರಿಗೆ ಮೊದಲು ಕ್ಷಮೆ ಕೇಳ್ತೀನಿ, ಅವರ ಹೋಗಿಬರುವ ಖರ್ಚನ್ನ ಕಂಪನಿ ಕೊಡಬೇಕು ಅಂತ ಇವತ್ತು ಪ್ರಸ್ತಾಪ ಇಡ್ತೀನಿ. ಇವತ್ತು ಕೆಲಸ ಸರಿಸಿ ಬಂದವರಿಗೆ ಧನ್ಯವಾದ. ತಡ ಆಗಿದ್ದಕ್ಕ ಜೂನ್ ಬಿತ್ತನೆ ಬೀಜದ ಬೇಡಿಕೆ ಪಟ್ಟಿ ಇನ್ನೂ ಆಗಿಲ್ಲ. ಅದಕ್ಕೇ ಅದನ್ನ ಇವತ್ತಿನ ಮೊದಲ ವಿಷಯ ಮಾಡೀವಿ. ಇದು ಪರಿಶೀಲನಾ ಸಭೆ, ಲೆಕ್ಕದ ಒಪ್ಪಿಗೆ ಮಹಾಸಭೆಯಲ್ಲಿ."

ಕೊನೆಯ ಮೂರು ಸಾಲು ಬಿಡಬ್ಯಾಡ್ರಿ. ತಡದಿಂದ ಯಾವ ಕೆಲಸ ನಿಂತಿತು ಅಂತ ಹೇಳಿ, ಅದನ್ನೇ ಮೊದಲು ಕೈಗೆತ್ತಿಕೊಂಡಾಗ ಜನ ಕ್ಷಮೆಯನ್ನ ನಂಬ್ತಾರ. ಮತ್ತ ಹಾಜರಿ ಎಣಿಸಿ, ಸಹಿ ಹಾಕಿಸಿದ ಮೇಲೆ ಮಾತು ಶುರು ಮಾಡ್ರಿ. ನಾವು ಒಮ್ಮೆ ಮಾತು ಮುಗಿಸಿ ಎಣಿಸಿದಾಗ ಮೂರು ಮಂದಿ ಹೊರಗ ಚಹಾಕ್ಕ ಹೋಗಿದ್ದರು.

ಯಾದಗಿರಿಯಿಂದ:
14 ದಿನದ್ದು ನನಗ ಗೊತ್ತಿರಲಿಲ್ಲ. ಆದರೂ ತಡವಾದ ಮಹಾಸಭೆಯ ತೀರ್ಮಾನ ನಿಲ್ತದೋ ಇಲ್ಲೋ ಅನ್ನೋದು ಇನ್ನೂ ನನ್ನ ತಲೆಯಲ್ಲಿ ಅದ.

ಕೇಳಿದವರು:
ಇವತ್ತು ಫೋನ್ ಹಿಡಕೊಂಡು ಕೂತಿದ್ದೆ. ಎಳ್ಳಮಾವಾಸ್ಯಿ ದಿನ ಸುದ್ದಿ ಮುಟ್ಟದೆ ಇಬ್ಬರು ಬಂದು ಹೋಗ್ಯಾರ. ಒಬ್ಬರು 30 ಕಿಲೋಮೀಟರ್ ದೂರದಿಂದ, ಬುಟ್ಟಿಯಲ್ಲಿ ಭಜ್ಜಿ, ಸಜ್ಜಿ ರೊಟ್ಟಿ ತಂದಿದ್ದರಂತ. ಇಬ್ಬರೂ ಇಲ್ಲಿಯವರೆಗೂ ಯಾರಿಗೂ ಹೇಳಿಲ್ಲ. ಹಿಂದಿನ ಮಹಾಸಭೆಯ ತಾರೀಖೂ ಹುಡುಕಿದೆ, ಸೆಪ್ಟೆಂಬರ್‌ದಾಗೇ ಅದ. ಎಣಿಸಿದರೆ 15 ತಿಂಗಳು ಡಿಸೆಂಬರ್‌ಕ್ಕೇ ಮುಗಿದಾವ. ಸೋಮವಾರ ಬೆಳಿಗ್ಗೆ ಕಲಬುರಗಿಗೆ ಹೋಗಿ ಸೆಕ್ರೆಟರಿಯವರನ್ನ ಕಾಣ್ತೀನಿ.