ಪದಚರ್ಚೆ: ಜ್ಞಾನೋಕ್ತಿ 10:1ರಲ್ಲಿ ಅಪ್ಪನಿಗೆ ನಲಿವು, ಅಮ್ಮನಿಗೇ ಯಾಕೆ ಸಂಕಟ?

ಎಲ್ಲರಿಗೂ ನಮಸ್ಕಾರ.

ಹೀಬ್ರೂ ಬೈಬಲ್ಲಿನ ಜ್ಞಾನೋಕ್ತಿಗಳನ್ನು ಕನ್ನಡದಲ್ಲಿ ಓದುತ್ತಿದ್ದೇನೆ. ಪಕ್ಕದಲ್ಲಿ ಮೂಲವನ್ನೂ ಇಟ್ಟುಕೊಂಡು ಪದಕೋಶ ನೋಡುತ್ತಾ ಹೋಗುತ್ತೇನೆ, ಅಷ್ಟೇ ನನ್ನ ಹೀಬ್ರೂ. ಹತ್ತನೇ ಅಧ್ಯಾಯದ ಮೊದಲ ಮಾತಿನಲ್ಲೇ ನಿಂತುಬಿಟ್ಟೆ.

ಬೇನ್ ಹಾಖಾಮ್ ಯೆಸಮ್ಮಹ್ ಆವ್,
ಊವೇನ್ ಕೆಸೀಲ್ ತೂಗತ್ ಇಮ್ಮೋ.

ಪದಕ್ಕೆ ಪದ ಇಟ್ಟರೆ ಹೀಗಾಗುತ್ತದೆ: ಜಾಣ ಮಗ ತಂದೆಯನ್ನು ನಲಿಸುತ್ತಾನೆ, ಮತಿಗೇಡಿ ಮಗ ತಾಯಿಯ ಸಂಕಟ.

ಸಂತೋಷ ಅಪ್ಪನ ಪಾಲಿಗೆ, ಸಂಕಟ ಅಮ್ಮನ ಪಾಲಿಗೆ ಅಂತ ಹಂಚಿಬಿಟ್ಟಿದ್ದಾರಲ್ಲ, ಇದನ್ನು ಹಾಗೇ ತೆಗೆದುಕೊಳ್ಳಬೇಕಾ? ನಮ್ಮ ಮನೆಗಳಲ್ಲೂ ಮಗ ಗೆದ್ದರೆ ಅಪ್ಪನ ಮಗ, ಕೆಟ್ಟರೆ ಅಮ್ಮನ ಮುದ್ದಿನಿಂದ ಕೆಟ್ಟ ಅನ್ನುವ ಮಾತಿದೆ. ಅದೇ ಧೋರಣೆ ಇಲ್ಲೂ ಇದೆಯಾ, ಅಥವಾ ಇದು ಬರೀ ಹೇಳುವ ವರಸೆಯಾ? ಎರಡನೇ ಸಾಲಿನ ಮೊದಲಿಗೆ ಅಂಟಿಕೊಂಡಿರುವ ‘ಊ’ವನ್ನು ‘ಮತ್ತು’ ಅನ್ನಬೇಕೋ ‘ಆದರೆ’ ಅನ್ನಬೇಕೋ ಅದೂ ಗೊತ್ತಾಗುತ್ತಿಲ್ಲ.

– ಎನ್. ಜಿ., ಮೈಸೂರು

*

ಎನ್. ಜಿ. ಅವರೇ, ಇದಕ್ಕೆ ಅಷ್ಟು ತಲೆ ಕೆಡಿಸಿಕೊಳ್ಳಬೇಡಿ. ಹೀಬ್ರೂ ಕವಿಗಳು ಒಂದೇ ಮಾತನ್ನು ಎರಡು ಸಲ ಹೇಳುತ್ತಾರೆ, ಮೊದಲು ನೇರವಾಗಿ, ಆಮೇಲೆ ತಿರುಗಿಸಿ. ನಮ್ಮ ‘ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ’ ಇದ್ದ ಹಾಗೆ. ಅಪ್ಪ ಅಂದಮೇಲೆ ಅಮ್ಮ ಬರಲೇಬೇಕು, ಜೋಡಿಪದ. ಒಂದು ಸಾಲು ಓದಿದರೆ ಎರಡೂ ಓದಿದಂತೆ. ಅಲ್ಲಿ ಧೋರಣೆ ಹುಡುಕುವುದು ಸುಮ್ನೆ ಶ್ರಮ.

– ಬಿ. ಎಸ್., ಧಾರವಾಡ

*

ನಮ್ಮ ಸಭೆಯಲ್ಲಿ ಕೀರ್ತನೆ ಓದುವಾಗ ಅರ್ಧ ವಚನ ಬೋಧಕರು ಓದುತ್ತಾರೆ, ಉಳಿದರ್ಧ ನಾವೆಲ್ಲ ಒಟ್ಟಿಗೆ. ಚಿಕ್ಕಂದಿನಿಂದ ಹಾಗೇ ಓದಿ ಅಭ್ಯಾಸ. ಹಾಗಾಗಿ ಇಲ್ಲೂ ಒಬ್ಬರು ಕೇಳಿ ಇನ್ನೊಬ್ಬರು ಉತ್ತರ ಕೊಡುವ ಹಾಗೆ ಬರೆದಿರಬೇಕು ಅಂತ ನನ್ನ ಅನಿಸಿಕೆ. ಮೊದಲ ಸಾಲನ್ನು ಅಪ್ಪ ಹೇಳಿದರು, ಎರಡನೆಯದನ್ನು ಅಮ್ಮ ಹೇಳಿದರು ಅಂತ ಓದಿದರೆ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ.

– ಜೆ. ಎಂ., ಮಂಗಳೂರು

*

ಎನ್. ಜಿ. ಅವರ ಪ್ರಶ್ನೆಗೆ ಉತ್ತರ ಆ ಪುಸ್ತಕದೊಳಗೇ ಇದೆ. ಇದೇ ಮಗ, ಇದೇ ಅಪ್ಪ ಅಮ್ಮ ಮತ್ತೆ ಮತ್ತೆ ಬರುತ್ತಾರೆ. ಆ ವಚನಗಳನ್ನು ಒಟ್ಟಿಗೆ ಇಟ್ಟು ನೋಡಿ.

17:21ರಲ್ಲಿ, ಕೆಸೀಲನನ್ನು ಹುಟ್ಟಿಸಿದವನಿಗೆ ಸಂಕಟ, ಮೂಢನ ತಂದೆಗೆ ನಲಿವಿಲ್ಲ ಅಂತಿದೆ. 10:1ರಲ್ಲಿ ತಾಯಿಗೆ ಬಳಸಿದ ‘ತೂಗಾ’ ಪದವೇ ಇಲ್ಲಿ ತಂದೆಗೆ ಬಂದಿದೆ. ನಲಿವಿಗೂ ಅದೇ ಧಾತು. ಇನ್ನು 23:25ರಲ್ಲಿ ನಿನ್ನ ತಂದೆ ತಾಯಿ ನಲಿಯಲಿ, ನಿನ್ನನ್ನು ಹೆತ್ತವಳು ಹಿಗ್ಗಲಿ ಅಂತ ಇದೆ. ಅಂದರೆ ಅಮ್ಮನಿಗೂ ನಲಿವಿದೆ, ಅಪ್ಪನಿಗೂ ಸಂಕಟವಿದೆ. 10:1 ಪಾಲು ಹಂಚುತ್ತಿಲ್ಲ. ಒಂದೊಂದು ಸಾಲಿನಲ್ಲಿ ಒಬ್ಬೊಬ್ಬರನ್ನು ಇಟ್ಟಿದೆ, ಓದುವವರು ಇಬ್ಬರನ್ನೂ ಎರಡೂ ಕಡೆ ತುಂಬಿಕೊಳ್ಳಬೇಕು. ಸಾಲಿಗೆ ಮೂರು ನಾಲ್ಕೇ ಪದ ಇರುವ ಕಡೆ ಎಲ್ಲವನ್ನೂ ಹೇಳಲು ಜಾಗವೆಲ್ಲಿ?

ಆದರೆ ಬಿ. ಎಸ್. ಅವರೇ, ಒಂದು ಸಾಲು ಓದಿದರೆ ಸಾಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮೊದಲ ಸಾಲಲ್ಲಿ ಕ್ರಿಯಾಪದ ಇದೆ, ಮಗ ತಂದೆಯನ್ನು ನಲಿಸುತ್ತಾನೆ. ಎರಡನೆಯದರಲ್ಲಿ ಕ್ರಿಯಾಪದವೇ ಇಲ್ಲ. ಕೆಸೀಲ್ ಮಗ ತಾಯಿಗೆ ಸಂಕಟ ತರುತ್ತಾನೆ ಅಂತ ಅಲ್ಲಿ ಹೇಳಿಲ್ಲ, ಅವನೇ ತಾಯಿಯ ಸಂಕಟ ಅಂತ ಹೇಳಿದೆ. ಜಾಣ ಮಗ ಏನೋ ಒಂದು ಒಳ್ಳೆಯದು ಮಾಡುತ್ತಾನೆ, ಇವನು ಇರುವುದೇ ನೋವು. ಅನುವಾದದಲ್ಲಿ ಸಮ ಮಾಡಲು ಹೋಗಿ ‘ತರುತ್ತಾನೆ’ ಸೇರಿಸಿದರೆ ಈ ಏರು ಹೋಗಿಬಿಡುತ್ತದೆ. ಕನ್ನಡದಲ್ಲಿ ಕ್ರಿಯಾಪದ ಬಿಟ್ಟೂ ಹೇಳಬಹುದು, ಎನ್. ಜಿ. ಅವರು ಹಾಗೇ ಬರೆದಿದ್ದಾರೆ, ದಯವಿಟ್ಟು ತಿದ್ದಬೇಡಿ.

ಇದಕ್ಕಿಂತ ಸ್ಪಷ್ಟವಾಗಿ ಕಾಣುವುದು 17:25ರಲ್ಲಿ. ಕಅಸ್ ಲೆಆವೀವ್ ಬೇನ್ ಕೆಸೀಲ್, ಊಮೆಮೆರ್ ಲೆಯೋಲದ್ತೋ. ‘ತನ್ನ ತಂದೆಗೆ ಕಿರಿಕಿರಿ ಮತಿಗೇಡಿ ಮಗ, ತನ್ನನ್ನು ಹೆತ್ತವಳಿಗೆ ಕಹಿ.’ ಎರಡನೇ ಸಾಲಲ್ಲಿ ಮಗನ ಹೆಸರೇ ಇಲ್ಲ, ಮೇಲಿನ ಸಾಲಿಂದ ಎಳೆದುಕೊಳ್ಳಬೇಕು. ಹಾಗೆ ಉಳಿದ ಜಾಗದಲ್ಲಿ ಮಾತು ಬಿಗಿಯಾಗಿದೆ. ಕಿರಿಕಿರಿ ಹೋಗಿ ಕಹಿ ಬಂತು, ತಂದೆಯ ಎದುರಿಗೆ ಬರೀ ತಾಯಿ ಅನ್ನದೆ ಹೆತ್ತವಳು ಅಂದರು. ಆ ಕಹಿ ಅವಳ ಹೊಟ್ಟೆಯಿಂದಲೇ ಬಂದದ್ದು ಅನ್ನುವುದು ಒಂದೇ ಪದದಲ್ಲಿ ಬಂತು. ಇದನ್ನು ಪುನರುಕ್ತಿ ಅಂದರೆ ಅನ್ಯಾಯ.

ಈ ಸಾಲುಗಳ ಜೋಡಿಯನ್ನು ಮೂರು ಬಗೆಯಾಗಿ ವಿಂಗಡಿಸಿದವರು ಆಕ್ಸ್‌ಫರ್ಡಿನ ರಾಬರ್ಟ್ ಲೌತ್, ಅವರ ಲ್ಯಾಟಿನ್ ಉಪನ್ಯಾಸಗಳು 1753ರಲ್ಲಿ ಅಚ್ಚಾದವು. ಒಂದೇ ಅರ್ಥದ್ದು, ಎದುರು ಅರ್ಥದ್ದು, ಇವೆರಡಕ್ಕೂ ಸೇರದ ಉಳಿದದ್ದು. ಬಹಳ ಕಾಲ ಎಲ್ಲರೂ ಅದನ್ನೇ ಹಿಡಿದರು. 1981ರಲ್ಲಿ ಜೇಮ್ಸ್ ಕುಗೆಲ್ ಅದನ್ನು ಪ್ರಶ್ನಿಸಿದರು. ಅವರ ಪ್ರಕಾರ ಎರಡನೇ ಸಾಲು ಮೊದಲಿನದರ ನಕಲಲ್ಲ, ‘ಅಷ್ಟೇ ಅಲ್ಲ, ಇನ್ನೂ ಕೇಳು’ ಅಂತ ಮುಂದುವರಿಯುವುದು. ‘ಊ’ ಕೂಡ ಹಾಗೇ. ಅದು ಬರೀ ಕೊಂಡಿ. ಮತ್ತುವೋ ಆದರೆಯೋ ಅನ್ನುವುದು ಎರಡೂ ಸಾಲು ಓದಿದ ಮೇಲೆ ಗೊತ್ತಾಗುವುದು. 10:1ರಲ್ಲಿ ಜಾಣನಿಗೆ ಎದುರು ಮತಿಗೇಡಿ ಇರುವುದರಿಂದ ‘ಆದರೆ’ ಸರಿ, 17:25ರಲ್ಲಿ ‘ಆದರೆ’ ಹಾಕಿದರೆ ಅರ್ಥವೇ ಕೆಡುತ್ತದೆ.

ಜೆ. ಎಂ. ಅವರು ಹೇಳಿದ ಎರಡು ದನಿಯ ಓದು ಕೀರ್ತನೆಗಳಿಗೆ ಹೊಂದೀತು, ಅವುಗಳಲ್ಲಿ ಕೆಲವು ಆರಾಧನೆಯಲ್ಲಿ ಹಾಡಿದವು. ಜ್ಞಾನೋಕ್ತಿಗಳನ್ನು ಹಾಗೆ ಓದುತ್ತಿದ್ದರು ಅನ್ನಲು ಪುಸ್ತಕದೊಳಗೆ ಆಧಾರ ಕಾಣುವುದಿಲ್ಲ. ಅಲ್ಲಿ ಕಲಿಸುವವನು ‘ಮಗನೇ, ಕೇಳು’ ಅಂತ ಒಬ್ಬನೇ ಮಾತಾಡುತ್ತಾನೆ.

– ಎ. ಡಿ., ಬೆಂಗಳೂರು (ದೇವಶಾಸ್ತ್ರ ಕಾಲೇಜಿನಲ್ಲಿ ಹೀಬ್ರೂ ಪಾಠ ಹೇಳುತ್ತಿದ್ದೆ)

*

ಎ. ಡಿ. ಸರ್, ಹೆತ್ತವಳ ವಿಷಯ ಒಪ್ಪಿದೆ. ಊಟ ಬಲ್ಲವನ ಗಾದೆಯಲ್ಲಿ ಎರಡು ಬೇರೆ ಸಂಗತಿ ಒಂದೇ ಅಚ್ಚಿನಲ್ಲಿವೆ, ಇಲ್ಲಿ ಒಂದೇ ಸಂಗತಿ ಎರಡು ಸಲ ಬಿಗಿಯಾಗುತ್ತಿದೆ, ಆ ವ್ಯತ್ಯಾಸ ಈಗ ಕಾಣುತ್ತಿದೆ. ಆದರೆ ಪ್ರತಿ ಸಾಲಲ್ಲೂ ಏರು ಇರಲೇಬೇಕು ಅಂತ ಹೊರಟರೆ ಇಲ್ಲದ್ದನ್ನೂ ಕಂಡುಬಿಡುತ್ತೇವೆ, ಅಲ್ವಾ? ಕೆಲವು ಕಡೆ ಕವಿಗೆ ಬರೀ ಸಮಾನಪದ ಬೇಕಾಗಿತ್ತು ಅಷ್ಟೇ ಇರಬಹುದು.

– ಬಿ. ಎಸ್.

*

ಆ ಎಚ್ಚರ ಬೇಕು, ನಿಜ. ನಾನು ನೋಡುವುದು ಇಷ್ಟು: ಎರಡನೇ ಸಾಲಲ್ಲಿ ವ್ಯಾಕರಣ ಬದಲಾಗಿದೆಯಾ, ಪದ ಹೆಚ್ಚು ಖಚಿತವಾಗಿದೆಯಾ, ಮೇಲಿನ ಸಾಲಿಂದ ಏನನ್ನಾದರೂ ಬಿಟ್ಟಿದ್ದಾರಾ. ಮೂರೂ ಇಲ್ಲದಿದ್ದರೆ ಏರು ಇದೆ ಅಂತ ಒತ್ತಾಯ ಮಾಡುವುದಿಲ್ಲ.

– ಎ. ಡಿ.

*

ಉಪಕಾರವಾಯಿತು. ಅಪ್ಪ ಅಮ್ಮನ ಹಂಚಿಕೆ ಬಗೆಹರಿಯಿತು. ಆದರೆ ನಿಮ್ಮ ಮಾತು ಹಿಡಿದು ಹುಡುಕುತ್ತಾ ಹೋದರೆ 15:20 ಸಿಕ್ಕಿತು. ಮೊದಲ ಸಾಲು 10:1ರದ್ದೇ, ಅಕ್ಷರಶಃ: ಜಾಣ ಮಗ ತಂದೆಯನ್ನು ನಲಿಸುತ್ತಾನೆ. ಎರಡನೆಯದು ಮಾತ್ರ ಬೇರೆ: ಮತಿಗೇಡಿ ತನ್ನ ತಾಯಿಯನ್ನು ಹೀನಾಯ ಮಾಡುತ್ತಾನೆ. ಒಂದು ಕಡೆ ಅವಳ ನೋವು, ಇನ್ನೊಂದು ಕಡೆ ಅವನ ನಡತೆ. 29:3ರಲ್ಲೂ ಜ್ಞಾನ ಪ್ರೀತಿಸುವವನು ತಂದೆಯನ್ನು ನಲಿಸುತ್ತಾನೆ ಅಂತ ಶುರುವಾಗಿ, ಎರಡನೇ ಸಾಲು ವೇಶ್ಯೆಯರ ಸಂಗ ಮಾಡಿ ಆಸ್ತಿ ಕಳೆಯುವವನ ಕಡೆ ಹೊರಳುತ್ತದೆ, ಅಮ್ಮ ಬರುವುದೇ ಇಲ್ಲ.

ಹಾಗಾದರೆ ಮೊದಲ ಸಾಲು ಜನರ ಬಾಯಲ್ಲಿ ಓಡಾಡುತ್ತಿದ್ದ ಸಿದ್ಧ ಮಾತೋ, ಅದಕ್ಕೆ ಬೇರೆ ಬೇರೆಯವರು ಬೇರೆ ಬಾಲ ಕಟ್ಟಿದರೋ? ಅಥವಾ ಒಟ್ಟುಗೂಡಿಸಿದವರೇ ಬೇಕಂತ ತಿರುಗಿಸಿದರೋ?

– ಎನ್. ಜಿ.

*

ಎರಡನ್ನೂ ವಾದಿಸಿದವರಿದ್ದಾರೆ. 10:1 ಒಂದು ಸಂಗ್ರಹದ ಬಾಗಿಲಲ್ಲೇ ಇದೆ, ‘ಸೊಲೊಮೋನನ ಜ್ಞಾನೋಕ್ತಿಗಳು’ ಅಂತ ತಲೆಬರಹ ಇರುವುದು ಅಲ್ಲೇ. ಹಾಗಾಗಿ ಬೇಕಂತಲೇ ಅಲ್ಲಿ ಇಟ್ಟರು ಅನ್ನುವುದು ನನಗೆ ಜಾಸ್ತಿ ಒಪ್ಪುತ್ತದೆ. ಆದರೆ 15:20 ಅದನ್ನು ನೋಡಿ ಬರೆದದ್ದು ಅಂತ ಸಾಧಿಸಿ ತೋರಿಸಲು ನನ್ನಿಂದಾಗದು. ಬಿ. ಎಸ್. ಅವರು ಕನ್ನಡದಲ್ಲಿ ಮೊದಲರ್ಧ ಒಂದೇ ಇದ್ದು ಬಾಲ ಬೇರೆಯಾದ ಗಾದೆಗಳಿದ್ದರೆ ಕಳಿಸಿ, ಊರು ಸಮೇತ.

– ಎ. ಡಿ.